ರೇಡಾರ್ ಗನ್ನಿನ ಲೆಕ್ಕದಲ್ಲಿ ಆ 2 ಎಲ್ಲಿಂದ ಬಂತು

ಕೆಲವು ವರ್ಷದ ಹಿಂದೆ ನಾನೊಂದು ಸಣ್ಣ ರೇಡಾರ್ ಮಾಡ್ಯೂಲ್ ತಗೊಂಡು ಸ್ಪೀಡ್ ಅಳೆಯೋ ಡಬ್ಬಿ ಕಟ್ಟೋಕೆ ಕೂತಿದ್ದೆ. ಅಂಗೈಲಿ ಹಿಡಿಯುವಷ್ಟು ಬೋರ್ಡು, 10.525 ಗಿಗಾಹರ್ಟ್ಸ್ ಮೈಕ್ರೋವೇವ್ ಅಲೆ ಬಿಡತ್ತೆ, ಎದುರಿಗಿರೋದಕ್ಕೆ ಬಡಿದು ವಾಪಸ್ ಬಂದಿದ್ದನ್ನ ತಗೊಳತ್ತೆ, ಎರಡರ ಫ್ರೀಕ್ವೆನ್ಸಿಗೆ ಎಷ್ಟು ವ್ಯತ್ಯಾಸ ಅನ್ನೋದನ್ನ ಒಂದು ಸಣ್ಣ ಸಿಗ್ನಲ್ ಆಗಿ ಹೊರಗೆ ಕೊಡತ್ತೆ. ಅದನ್ನ ಆಂಪ್ಲಿಫೈ ಮಾಡಿ ಕಂಪ್ಯೂಟರಿಗೆ ಕೊಟ್ಟು, ಗೆಳೆಯನಿಗೆ ಎದುರಿಂದ ನೆಟ್ಟಗೆ ನನ್ನ ಕಡೆಗೆ ನಡ್ಕೊಂಡು ಬಾರಪ್ಪ ಅಂದೆ. ಸ್ಕ್ರೀನ್ ಮೇಲೆ ಸುಮಾರು 98 ಹರ್ಟ್ಸ್ ಹತ್ರ ಒಂದು ಗೆರೆ ಎದ್ದು ನಿಲ್ತು. ನನಗೆ ಗೊತ್ತಿದ್ದ ಡಾಪ್ಲರ್ ಸೂತ್ರ ಹಾಕಿದೆ, ಶಿಫ್ಟನ್ನ, ಅಂದ್ರೆ ಆ ವ್ಯತ್ಯಾಸಾನ, ಬೆಳಕಿನ ವೇಗದಿಂದ ಗುಣಿಸಿ ರೇಡಾರಿನ ಫ್ರೀಕ್ವೆನ್ಸಿಯಿಂದ ಭಾಗಿಸೋದು, ಬಂತು ಸೆಕೆಂಡಿಗೆ 2.8 ಮೀಟರ್. ಗಂಟೆಗೆ 10 ಕಿಲೋಮೀಟರ್! ಅವನು ನೋಡಿದ್ರೆ ಕೈ ಬೀಸ್ಕೊಂಡು ಆರಾಮಾಗಿ ಬರ್ತಿದ್ದ.

ನೆಲದ ಮೇಲೆ 20 ಮೀಟರ್ ಗುರುತು ಹಾಕಿ ಸ್ಟಾಪ್‌ವಾಚ್ ಹಿಡಿದು ನೋಡಿದ್ರೆ 14 ಸೆಕೆಂಡಿಗಿಂತ ಚೂರು ಜಾಸ್ತಿ, ಅಂದ್ರೆ ಸೆಕೆಂಡಿಗೆ 1.4 ಮೀಟರ್. ಸರಿಯಾಗಿ ಅರ್ಧ. ನಾನು ಮೊದಲು ಅನುಮಾನ ಪಟ್ಟಿದ್ದು ಆಂಪ್ಲಿಫೈಯರ್ ಮೇಲೆ, ಸಿಗ್ನಲ್ ಹೆಚ್ಚಾಗಿ ತಲೆ ಕತ್ತರಿಸಿ ಹಾರ್ಮೋನಿಕ್ ಬರ್ತಿದೆಯೇನೋ, ನಾನು ಎರಡನೇ ಹಾರ್ಮೋನಿಕ್, ಅಂದ್ರೆ ಎರಡರಷ್ಟು ಫ್ರೀಕ್ವೆನ್ಸಿಯ ಸಿಗ್ನಲ್, ಓದ್ತಿದ್ದೀನೇನೋ ಅಂತ. ಎರಡು ಸಂಜೆ ಅದರಲ್ಲೇ ಹೋಯ್ತು. ಆಮೇಲೆ ಅವನನ್ನ ನಿಧಾನಕ್ಕೆ ನಡೆಸಿದೆ, ಓಡಿಸಿದೆ, ಪ್ರತಿಸಲಾನೂ ಉತ್ತರ ಎರಡರಷ್ಟೇ ಬರ್ತಿತ್ತು, 1.7 ಅಲ್ಲ 2.3 ಅಲ್ಲ. ಯಾವ ವೇಗಕ್ಕೂ ಅದೇ 2 ಬರ್ತಿದ್ರೆ ಮೊದಲು ನೋಡಬೇಕಾಗಿದ್ದು ಸೂತ್ರವನ್ನ. ನಾನು ಹಾಕಿದ್ದು ಸೈರನ್ ಸೂತ್ರ, ಅಂದ್ರೆ ಸದ್ದು ಮಾಡೋ ವಸ್ತುನೇ ಓಡ್ತಾ ಇರೋವಾಗ ಹಾಕೋದು. ರೇಡಾರಲ್ಲಿ ಓಡ್ತಾ ಇರೋ ವಸ್ತು ತಾನಾಗಿ ಏನೂ ಸದ್ದು ಮಾಡಲ್ಲ, ನಾವು ಕಳಿಸಿದ್ದನ್ನೇ ವಾಪಸ್ ಕೊಡತ್ತೆ. ಇವತ್ತು ನಾನು ಮಾತಾಡೋದು ಪೂರ್ತಿ ಆ 2ರ ಬಗ್ಗೆನೇ.

ಕಾರು ನಿಮ್ಮ ಕಡೆ ಬರ್ತಾ ಇದೆ, ನೀವು ರೇಡಾರ್ ಹಿಡ್ಕೊಂಡು ನಿಂತಿದ್ದೀರಿ ಅಂತ ಇಟ್ಕೊಳ್ಳಿ. ಕಾರೊಳಗೆ ಕೂತು ನಿಮ್ಮ ಅಲೆಗಳನ್ನ ಯಾರೋ ಎಣಿಸ್ತಿದ್ದಾರೆ ಅಂದ್ರೆ ಅವರಿಗೆ ನೀವು ಕಳಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಅಲೆ ಸಿಗತ್ತೆ, ಯಾಕಂದ್ರೆ ಅಲೆ ಬರೋ ತನಕ ಅವರು ಕಾಯಲ್ಲ, ತಾವೇ ಅಲೆಗೆ ಎದುರು ಹೋಗ್ತಿದ್ದಾರೆ. ಇದು ಮೊದಲನೇ ಶಿಫ್ಟ್. ಇಲ್ಲಿ ಕಾರು ಕೇಳೋ ಕಿವಿ. ಈಗ ಆ ಅಲೆ ಕಾರಿನ ಲೋಹದ ಮೈಗೆ ಬಡಿದು ತಿರುಗತ್ತೆ. ತಿರುಗೋವಾಗ ಎಷ್ಟು ಬಂದ್ವೋ ಅಷ್ಟೇ ಹೊರಡ್ತವೆ, ಕಾರು ಯಾವುದನ್ನೂ ಇಟ್ಕೊಳ್ಳಲ್ಲ, ಹೊಸದಾಗಿ ಸೇರಿಸೋದೂ ಇಲ್ಲ. ಆದ್ರೆ ಹೊರಡಿಸ್ತಾ ಇರೋದು ಓಡ್ತಾ ಇರೋ ಕಾರು, ಅದು ತಾನು ಬಿಟ್ಟ ಅಲೆಯ ಹಿಂದೆನೇ ಓಡಿ ಬರ್ತಿದೆ, ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ನಡುವಿನ ದೂರ ಮತ್ತೆ ಕಮ್ಮಿ ಆಗತ್ತೆ. ಇದು ಎರಡನೇ ಶಿಫ್ಟ್. ಇಲ್ಲಿ ಕಾರು ಕೂಗೋ ಬಾಯಿ.

ಇದನ್ನ ಚೆಂಡಲ್ಲಿ ಲೆಕ್ಕ ಮಾಡೋಣ, ಕೈಗೆ ಸಿಗತ್ತೆ. ನೀವು ಸೆಕೆಂಡಿಗೊಂದು ಚೆಂಡು ಎಸೀತಿದ್ದೀರಿ, ಚೆಂಡಿನ ವೇಗ ಸೆಕೆಂಡಿಗೆ 10 ಮೀಟರ್, ಹಾಗಾಗಿ ಎರಡು ಚೆಂಡಿನ ನಡುವೆ 10 ಮೀಟರ್ ದೂರ. ಎದುರಿಂದ ಚಕ್ರ ಇರೋ ಒಂದು ಗೋಡೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರ್ತಿದೆ. ಒಂದೇ ಷರತ್ತು, ಗೋಡೆಗೆ ಬಡಿದ ಮೇಲೂ ಚೆಂಡು ನೆಲದ ಲೆಕ್ಕದಲ್ಲಿ ಅದೇ 10 ಮೀಟರ್ ವೇಗದಲ್ಲಿ ವಾಪಸ್ ಬರಬೇಕು. ನಿಜವಾದ ಚೆಂಡು ಹಾಗೆ ಮಾಡಲ್ಲ, ಗೋಡೆ ತಳ್ಳಿದ್ದಕ್ಕೆ ಇನ್ನೂ ಜೋರಾಗಿ ಬರತ್ತೆ, ಆದ್ರೆ ಅಲೆ ಹಾಗೆ ಮಾಡತ್ತೆ, ಅದರ ವೇಗ ಬದಲಾಗಲ್ಲ, ಅದಕ್ಕೇ ಈ ಷರತ್ತು. ಈಗ ಒಂದು ಚೆಂಡು ಗೋಡೆಗೆ ಬಡೀತು, ಮುಂದಿನ ಚೆಂಡು 10 ಮೀಟರ್ ದೂರದಲ್ಲಿದೆ, ಚೆಂಡೂ ಬರ್ತಿದೆ ಗೋಡೇನೂ ಹೋಗ್ತಿದೆ, ಇಬ್ಬರೂ ಸೇರಿ ಸೆಕೆಂಡಿಗೆ 11 ಮೀಟರ್ ಹತ್ರ ಆಗ್ತಾರೆ, ಅಂದ್ರೆ 0.909 ಸೆಕೆಂಡಲ್ಲಿ ಎರಡನೇ ಚೆಂಡು ಬಡಿಯತ್ತೆ. ಗೋಡೆಗೆ ಸಿಗ್ತಾ ಇರೋದು ಸೆಕೆಂಡಿಗೆ 1.1 ಚೆಂಡು. ಅಷ್ಟರಲ್ಲಿ ಮೊದಲನೇ ಚೆಂಡು ನಿಮ್ಮ ಕಡೆಗೆ 9.09 ಮೀಟರ್ ಬಂದಿದೆ, ಗೋಡೇನೂ ಅದೇ ದಿಕ್ಕಲ್ಲಿ 0.91 ಮೀಟರ್ ಬಂದಿದೆ. ಹಾಗಾಗಿ ವಾಪಸ್ ಬರೋ ಎರಡು ಚೆಂಡಿನ ನಡುವೆ 8.18 ಮೀಟರ್ ಮಾತ್ರ, ನಿಮ್ಮ ಕೈಗೆ 0.818 ಸೆಕೆಂಡಿಗೊಂದು ಸಿಗತ್ತೆ, ಅಂದ್ರೆ ಸೆಕೆಂಡಿಗೆ 1.22.

1 ಹೋಗಿ 1.1 ಆಯ್ತು, 1.1 ಹೋಗಿ 1.22 ಆಯ್ತು. ಹೋಗೋವಾಗ ನೂರಕ್ಕೆ ಹತ್ತು ಹೆಚ್ಚು, ಬರೋವಾಗ ಮತ್ತೆ ಹೆಚ್ಚುಕಮ್ಮಿ ಅಷ್ಟೇ. ಕಳಿಸಿದ ಫ್ರೀಕ್ವೆನ್ಸಿ f, ವಾಪಸ್ ಸಿಕ್ಕಿದ್ದು fr, ಅಲೆಯ ವೇಗ c, ಕಾರಿನ ವೇಗ v ಅಂತ ಇಟ್ಕೊಂಡು ಸೂತ್ರದಲ್ಲಿ ಬರೆದ್ರೆ ಹೀಗಿರತ್ತೆ:

`fr = f (c + v) / (c − v)`

ಮೇಲಿರೋ `c + v` ಕಾರು ಕಿವಿಯಾಗಿದ್ದಕ್ಕೆ, ಕೆಳಗಿರೋ `c − v` ಕಾರು ಬಾಯಿಯಾಗಿದ್ದಕ್ಕೆ. ನಮ್ಮ ಚೆಂಡಿಗೆ ಇದು 11/9.

ಆದ್ರೆ ಸರಿಯಾಗಿ ಎರಡರಷ್ಟು ಆಗಿದ್ರೆ 1.20 ಬರಬೇಕಿತ್ತಲ್ಲ, 1.22 ಯಾಕೆ ಅಂತ ಕೇಳ್ತೀರಿ. ಆ ಹೆಚ್ಚಿನ 0.02 ಬಂದಿದ್ದು ಗೋಡೆ ಚೆಂಡಿನ ಹತ್ತನೇ ಒಂದು ಭಾಗದಷ್ಟು ವೇಗವಾಗಿ ಓಡ್ತಾ ಇರೋದರಿಂದ. ಕಾರಿನ ವಿಷಯ ಬೇರೆ. ಗಂಟೆಗೆ 90 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 25 ಮೀಟರ್, ಬೆಳಕು ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್, ಕಾರು ಬೆಳಕಿನ 1.2 ಕೋಟಿಯಲ್ಲಿ ಒಂದು ಪಾಲು. ಅಲ್ಲಿ ಆ ಹೆಚ್ಚುವರಿ ತುಂಡು ಒಂದು ಹರ್ಟ್ಸಿನ ಸಾವಿರದಲ್ಲೊಂದು ಭಾಗಾನೂ ಆಗಲ್ಲ. ಹಾಗಾಗಿ ರೇಡಾರ್ ಮಾಡೋರೆಲ್ಲ ಧೈರ್ಯವಾಗಿ ಬಳಸೋದು ಇದನ್ನ, fd ಅಂದ್ರೆ ಒಟ್ಟು ಶಿಫ್ಟ್:

`fd = 2 v f / c`

ಇಲ್ಲಿ ಒಂದು ಸಣ್ಣ ಮಾತು ಹೇಳ್ಬೇಕು, ನನಗೆ ತುಂಬ ಇಷ್ಟವಾದ ವಿಷಯ. ಬೆಳಕಿನ ಮಾತು ಬಂದ್ರೆ ಐನ್‌ಸ್ಟೈನ್ ಲೆಕ್ಕ ಹಾಕ್ಬೇಕಲ್ವಾ, ಓಡೋ ಗಡಿಯಾರ ನಿಧಾನ ಆಗತ್ತಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಹಾಕಿ ನೋಡಿ, ಹೋಗೋ ದಾರೀಲಿ ಒಂದು ತಿದ್ದುಪಡಿ ಬರತ್ತೆ, ಬರೋ ದಾರೀಲಿ ಅದರ ಉಲ್ಟಾ ತಿದ್ದುಪಡಿ ಬರತ್ತೆ, ಗುಣಿಸಿದ್ರೆ ಎರಡೂ ಹೊಡ್ಕೊಂಡು ಹೋಗಿ ಉಳಿಯೋದು ಮತ್ತೆ ಅದೇ `(c + v) / (c − v)`. ಕಾರಣ ಸರಳ, ಅಲೆ ಎಣಿಸೋ ಕೆಲಸ ಎರಡು ಸಲಾನೂ ನಮ್ಮ ಕೈಲಿರೋ ಗಡಿಯಾರದಲ್ಲೇ ಆಗೋದು. ಕಾರಿನ ಗಡಿಯಾರ ಹೇಗೆ ಓಡತ್ತೆ ಅನ್ನೋದು ಲೆಕ್ಕಕ್ಕೇ ಬರಲ್ಲ, ಅದು ಬಂದಷ್ಟು ಅಲೆ ತಿರುಗಿಸಿ ಕಳಿಸತ್ತೆ ಅಷ್ಟೆ.

ಈಗ ಒಂದು ನಿಜವಾದ ಗನ್ ತಗೊಳ್ಳೋಣ. ರಸ್ತೇಲಿ ಬಳಸೋ ಗನ್‌ಗಳಲ್ಲಿ ಕೆ ಬ್ಯಾಂಡ್ ಅನ್ನೋದಿದೆ, 24.150 ಗಿಗಾಹರ್ಟ್ಸ್, ಅಂದ್ರೆ ಸೆಕೆಂಡಿಗೆ 2415 ಕೋಟಿ ಅಲೆ. ಕಾರು ನೆಟ್ಟಗೆ ನಿಮ್ಮ ಕಡೆ 90ರಲ್ಲಿ ಬರ್ತಿದೆ. 2415 ಕೋಟೀನ 25ರಿಂದ ಗುಣಿಸಿ 30 ಕೋಟಿಯಿಂದ ಭಾಗಿಸಿ, 2012.5 ಬಂತು. ಕಾರಲ್ಲಿ ಕೂತೋರಿಗೆ ಸಿಗೋ ಹೆಚ್ಚುವರಿ ಅಲೆ ಅಷ್ಟು. ವಾಪಸ್ ನಿಮ್ಮ ಕೈಗೆ ಬರೋಷ್ಟರಲ್ಲಿ ಎರಡರಷ್ಟು, 4025 ಹರ್ಟ್ಸ್.

2415 ಕೋಟಿ ಹೋಗಿ 2415 ಕೋಟಿ ಮೇಲೆ 4025 ಆಗಿದೆ, ಇಷ್ಟು ಚಿಕ್ಕ ವ್ಯತ್ಯಾಸಾನ ಹೇಗೆ ಹಿಡೀತಾರೆ? ಆ 2415 ಕೋಟೀನ ಯಾರೂ ಎಣಿಸಲ್ಲ. ಗನ್ ತಾನು ಕಳಿಸ್ತಾ ಇರೋ ಅಲೆಯಲ್ಲೇ ಒಂದು ಚೂರು ಎತ್ತಿಟ್ಕೊಂಡು, ವಾಪಸ್ ಬಂದಿದ್ದರ ಜೊತೆ ಮಿಕ್ಸರ್ ಅನ್ನೋ ಡಯೋಡಲ್ಲಿ ಕಲಸತ್ತೆ. ಎರಡು ತಂತಿ ಚೂರೇ ಚೂರು ಶ್ರುತಿ ತಪ್ಪಿದಾಗ ಒಟ್ಟಿಗೆ ಮೀಟಿದ್ರೆ ವಂವ್ ವಂವ್ ಅಂತ ಏರಿಳಿಯೋ ಸದ್ದು ಬರತ್ತಲ್ಲ, ಅದೇ ಇದು, ಮಿಕ್ಸರಿಂದ ಹೊರಗೆ ಬರೋದು ಬರೀ ವ್ಯತ್ಯಾಸ. ಮತ್ತೆ 4025 ಹರ್ಟ್ಸ್ ಅಂದ್ರೆ ನಮ್ಮ ಕಿವಿಗೆ ಕೇಳೋ ಸದ್ದು! ಪಿಯಾನೋದ ಕಟ್ಟಕಡೆಯ ಮನೆ 4186 ಹರ್ಟ್ಸ್, ಅದಕ್ಕಿಂತ ಚೂರು ಕೆಳಗೆ. ಎಷ್ಟೋ ಗನ್‌ಗಳು ಈ ಸದ್ದನ್ನ ಸ್ಪೀಕರಲ್ಲಿ ಕೇಳಿಸ್ತವೆ, ಅಭ್ಯಾಸ ಇರೋರು ಸದ್ದು ಶುದ್ಧವಾಗಿ ಒಂದೇ ಸ್ವರ ಇದೆಯಾ ಇಲ್ಲಾ ಗರಗರ ಅಂತಿದೆಯಾ ಅನ್ನೋದರ ಮೇಲೇ ಅದು ಒಂದೇ ಕಾರಾ, ಬೇರೆ ಏನಾದ್ರೂ ಸೇರ್ಕೊಂಡಿದೆಯಾ ಅಂತ ಅಂದಾಜು ಮಾಡ್ತಾರೆ. ಈ ಗನ್ನಿಗೆ ಗಂಟೆಗೆ 1 ಕಿಲೋಮೀಟರ್ ಅಂದ್ರೆ 44.7 ಹರ್ಟ್ಸ್, ಎಣಿಸು, ಭಾಗಿಸು, ತೋರಿಸು, ಒಳಗೆ ಆಗೋದು ಇಷ್ಟೇ.

ಕಿವಿ, ಬಾಯಿ ಅನ್ನೋ ದಾರಿ ಹಿಡಿಸದೇ ಇದ್ದೋರಿಗೆ ಇನ್ನೊಂದು ದಾರಿ ಇದೆ, ನಿಜ ಹೇಳ್ಬೇಕಂದ್ರೆ ನನಗೆ ತಲೇಲಿ ಕೂತಿದ್ದು ಇದೇ. ಫ್ರೀಕ್ವೆನ್ಸಿ ಮರೆತುಬಿಡಿ, ದೂರ ನೋಡಿ. 24.150 ಗಿಗಾಹರ್ಟ್ಸಲ್ಲಿ ಒಂದು ಅಲೆಯ ಉದ್ದ 12.4 ಮಿಲಿಮೀಟರ್. ಕಾರು ನಿಂತಿದ್ರೆ ಹೋಗಿ ಬರೋ ದಾರಿ ಬದಲಾಗಲ್ಲ, ಕಳಿಸಿದ್ದಕ್ಕೂ ಬಂದಿದ್ದಕ್ಕೂ ತಾಳ ಒಂದೇ ಥರ ಇರತ್ತೆ, ಮಿಕ್ಸರಿಂದ ಏರಿಳಿತಾನೇ ಬರಲ್ಲ. ಕಾರು 6.2 ಮಿಲಿಮೀಟರ್ ಹತ್ರ ಬಂತು ಅನ್ನಿ. ಹೋಗೋ ದಾರಿ 6.2 ಕಮ್ಮಿ, ಬರೋ ದಾರೀನೂ 6.2 ಕಮ್ಮಿ, ಒಟ್ಟು 12.4, ಅಂದ್ರೆ ಪೂರ್ತಿ ಒಂದು ಅಲೆ ಜಾರಿತು, ಮಿಕ್ಸರಲ್ಲಿ ಒಂದು ಏರು ಒಂದು ಇಳಿತ ಮುಗೀತು. ಕಾರು ಅರ್ಧ ಅಲೆ ಚಲಿಸಿದ್ರೆ ಸಾಕು, ಇಲ್ಲಿ ಪೂರ್ತಿ ಅಲೆ ಎಣಿಕೆಗೆ ಬರತ್ತೆ. ಸೆಕೆಂಡಿಗೆ 25 ಮೀಟರ್ ಓಡೋ ಕಾರಲ್ಲಿ ಇಂಥ 6.21 ಮಿಲಿಮೀಟರ್ ತುಂಡು ಎಷ್ಟು? ಭಾಗಿಸಿ ನೋಡಿ, ಮತ್ತೆ 4025. ಅಲ್ಲೂ ಇಲ್ಲೂ ಅದೇ ಉತ್ತರ. ಅಂದ್ರೆ ರೇಡಾರ್ ಗನ್ ಅನ್ನೋದು ಒಂಥರ ಅಳತೆ ಪಟ್ಟಿ, ಅದರ ಗೀಟುಗಳು ಅರ್ಧ ಅಲೆಗೊಂದರಂತೆ ಇವೆ, ಸೆಕೆಂಡಿಗೆ ಎಷ್ಟು ಗೀಟು ದಾಟಿತು ಅಂತ ಅದು ಎಣಿಸತ್ತೆ.

ಈ ಚಿತ್ರ ಇಟ್ಕೊಂಡ್ರೆ ಗನ್ನಿಗೆ ಏನು ಗೊತ್ತಾಗಲ್ಲ ಅನ್ನೋದೂ ಕಾಣಿಸತ್ತೆ. ಗೀಟು ದಾಟೋದು ಹತ್ರ ಬರ್ತಾನೂ ಆಗಬಹುದು, ದೂರ ಹೋಗ್ತಾನೂ ಆಗಬಹುದು, ಎಣಿಕೆ ಒಂದೇ. ಒಂದೇ ಮಿಕ್ಸರ್ ಇರೋ ಸಾಧಾರಣ ಮಾಡ್ಯೂಲಿಗೆ ದಿಕ್ಕು ತಿಳಿಯಲ್ಲ. ದಿಕ್ಕು ಬೇಕಂದ್ರೆ ಎರಡನೇ ಮಿಕ್ಸರ್ ಹಾಕಿ ಅದಕ್ಕೆ ಕಾಲು ಅಲೆಯಷ್ಟು ತಡ ಮಾಡಿದ ಅಲೆ ಕೊಡಬೇಕು, ಆಗ ಎರಡು ಏರಿಳಿತದಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನೋದರ ಮೇಲೆ ಬರ್ತಿದೆಯಾ ಹೋಗ್ತಿದೆಯಾ ಗೊತ್ತಾಗತ್ತೆ.

ಇನ್ನು ಗನ್ ಸರಿ ಇದೆಯಾ ಅಂತ ನೋಡೋ ಟ್ಯೂನಿಂಗ್ ಫೋರ್ಕ್ ವಿಷಯ. ಗನ್ ಜೊತೆ ಒಂದು ಫೋರ್ಕ್ ಕೊಡ್ತಾರೆ, ಅದರ ಮೇಲೆ ಒಂದು ವೇಗ ಬರೆದಿರತ್ತೆ, ಬಡಿದು ಗನ್ ಮುಂದೆ ಹಿಡಿದ್ರೆ ಅದೇ ವೇಗ ತೋರಿಸಬೇಕು. ಮೊದಲ ಸಲ ನೋಡಿದಾಗ ನನಗೆ ತಲೆ ಕೆಟ್ಟಿತ್ತು, ಫೋರ್ಕಿನ ಕಡ್ಡಿ ಗಂಟೆಗೆ 90 ಕಿಲೋಮೀಟರಲ್ಲಿ ಎಲ್ಲಿ ಓಡತ್ತೆ ಅಂತ. ಓಡಲ್ಲ. ಅದು ಇದ್ದಲ್ಲೇ ಒಂದು ಮಿಲಿಮೀಟರಿಗಿಂತ ಕಮ್ಮಿ ದೂರ ಅಲ್ಲಾಡತ್ತೆ, ಆದ್ರೆ ಸೆಕೆಂಡಿಗೆ 4025 ಸಲ ಅಲ್ಲಾಡತ್ತೆ. ಅದು ಗೀಟು ದಾಟಲ್ಲ, ಒಂದೇ ಗೀಟಿನ ಆಚೆ ಈಚೆ ತೂಗ್ತಾ ಇರತ್ತೆ, ಆದ್ರೆ ಆ ತೂಗಾಟಕ್ಕೆ ಮಿಕ್ಸರಲ್ಲಿ 4025 ಹರ್ಟ್ಸ್ ಏರಿಳಿತ ಬರತ್ತೆ, ಮುಂದಿನ ಸರ್ಕ್ಯೂಟಿಗೆ ಕಾರಿಗೂ ಫೋರ್ಕಿಗೂ ವ್ಯತ್ಯಾಸ ತಿಳಿಯಲ್ಲ. ಇಲ್ಲಿ 2 ಇಲ್ಲ ನೋಡಿ! ಫೋರ್ಕಿನ ಫ್ರೀಕ್ವೆನ್ಸಿ ನೇರವಾಗಿ ಎಣಿಕೆಗೆ ಹೋಗತ್ತೆ, 2 ಇರೋದು ಆ ಎಣಿಕೇನ ವೇಗ ಮಾಡೋ ಭಾಗಾಕಾರದಲ್ಲಿ. ಅದಕ್ಕೇ ಈ ಪರೀಕ್ಷೆ ಎಣಿಸೋ ಭಾಗ ಸರಿ ಇದೆ ಅಂತ ಹೇಳತ್ತೆ, ಗನ್ ನಿಜಕ್ಕೂ 24.150ರಲ್ಲೇ ಅಲೆ ಬಿಡ್ತಿದೆಯಾ ಅಂತ ಹೇಳಲ್ಲ. ಅದನ್ನ ಬೇರೆ ಉಪಕರಣದಲ್ಲಿ ಅಳೀಬೇಕು. ಆ ಕಡೆ ತಪ್ಪಾದ್ರೂ ಅಷ್ಟು ಭಯ ಇಲ್ಲ ಅನ್ನಿ, ಟ್ರಾನ್ಸ್‌ಮಿಟರ್ 24.150ರಿಂದ 24.250ಕ್ಕೆ ಜಾರಿದ್ರೂ 90ರಲ್ಲಿ ಬರೋ ತಪ್ಪು ಅರ್ಧ ಕಿಲೋಮೀಟರಿಗಿಂತ ಕಮ್ಮಿ. ಆದ್ರೆ ಫೋರ್ಕ್ ಯಾವ ಬ್ಯಾಂಡಿಂದು ಅಂತ ನೋಡ್ಲೇಬೇಕು, ಇದೇ ಫೋರ್ಕನ್ನ 10.525 ಗಿಗಾಹರ್ಟ್ಸ್ ಗನ್ ಮುಂದೆ ಹಿಡಿದ್ರೆ 206 ತೋರಿಸತ್ತೆ, ಯಾಕಂದ್ರೆ ಅಲ್ಲಿ ಗೀಟುಗಳು ಅಷ್ಟು ದೂರ ದೂರ.

ಮನೇಲಿ ಮಾಡಿ ನೋಡೋರಿಗೆ ಇನ್ನೊಂದು ಹಳ್ಳ ಇದೆ. ಮಿಕ್ಸರ್ ಔಟ್‌ಪುಟ್ಟನ್ನ ಡಿಜಿಟಲ್ ಮಾಡೋವಾಗ ಸೆಕೆಂಡಿಗೆ 5000 ಸ್ಯಾಂಪಲ್ ಸಾಕು ಅಂತ ಇಟ್ರೆ, 2500 ಹರ್ಟ್ಸ್ ದಾಟಿದ್ದೆಲ್ಲ ಮಡಚಿಕೊಂಡು ಕೆಳಗೆ ಬಂದು ಕೂರತ್ತೆ. 4025 ಅನ್ನೋದು 975 ಆಗಿ ಕಾಣತ್ತೆ, 90ರಲ್ಲಿ ಹೋದ ಕಾರು 22ರಲ್ಲಿ ಹೋದ ಹಾಗೆ. ಶಿಫ್ಟಿನ 2 ಮರೆತೋರು ಇಲ್ಲೂ ಬೀಳ್ತಾರೆ, 2012 ಹರ್ಟ್ಸ್ ತಾನೇ ಬರೋದು, 5000 ಧಾರಾಳ ಅಂದ್ಕೊಂಡು. ಗೊತ್ತಾಗೋದು ಹೇಗೆ ಅಂದ್ರೆ ಕಾರು ವೇಗ ಹೆಚ್ಚಿಸ್ತಾ ಇರೋವಾಗ ಸ್ಕ್ರೀನ್ ಮೇಲಿನ ಗೆರೆ ಒಂದು ಎತ್ತರಕ್ಕೆ ಹೋಗಿ ಆಮೇಲೆ ಇಳಿಯೋಕೆ ಶುರು ಮಾಡಿದ್ರೆ ಇದೇ ಕಾರಣ.

ಇಷ್ಟು ಹೊತ್ತು ಕಾರು ನೆಟ್ಟಗೆ ನಮ್ಮ ಕಡೆ ಬರ್ತಿದೆ ಅಂತ ಇಟ್ಕೊಂಡಿದ್ವಿ. ನಿಜದಲ್ಲಿ ರಸ್ತೆ ಮಧ್ಯೆ ಯಾರೂ ನಿಲ್ಲಲ್ಲ, ಪಕ್ಕದಲ್ಲಿ ನಿಲ್ತಾರೆ. ಆಗ ದಾರಿ ಎಷ್ಟು ಕಮ್ಮಿ ಆಗ್ತಿದೆ ಅನ್ನೋದಷ್ಟೇ ಲೆಕ್ಕಕ್ಕೆ ಬರೋದು, ಕಾರಿನ ಪೂರ್ತಿ ವೇಗ ಅಲ್ಲ, ಕೋನದ ಕೊಸೈನ್ ಅದಕ್ಕೆ ಗುಣಿಸ್ಕೊಳ್ಳತ್ತೆ. 10 ಡಿಗ್ರಿ ಇದ್ರೆ 90ರ ಕಾರು 88.6 ತೋರಿಸತ್ತೆ, 20 ಡಿಗ್ರಿಗೆ 84.6, 30 ಡಿಗ್ರಿಗೆ 78. ನಿಂತಿರೋ ಗನ್ನಲ್ಲಿ ಈ ತಪ್ಪು ಯಾವಾಗ್ಲೂ ಕಮ್ಮಿ ಕಡೆಗೇ, ಕೋನದಿಂದಾಗಿ ಕಾರು ಇರೋದಕ್ಕಿಂತ ಜಾಸ್ತಿ ತೋರಿಸೋದು ಸಾಧ್ಯ ಇಲ್ಲ.

ಗನ್ನೇ ಓಡೋ ಗಾಡೀಲಿದ್ರೆ ಮಾತ್ರ ಉಲ್ಟಾ ಆಗಬಹುದು. ಅಲ್ಲಿ ಗನ್ ಎರಡು ಪ್ರತಿಧ್ವನಿ ಹಿಡಿಯತ್ತೆ, ಒಂದು ಮುಂದಿನ ನೆಲದಿಂದ, ಅದು ತನ್ನ ವೇಗ. ನೆಲ ನಿಂತಿದ್ರೂ ಅದಕ್ಕೂ ಅದೇ 2 ಇರತ್ತೆ, ಯಾಕಂದ್ರೆ ಹೋಗೋ ದಾರಿ ಬರೋ ದಾರಿ ಎರಡೂ ಕಮ್ಮಿ ಆಗ್ತಿದೆ, ಯಾರು ಓಡ್ತಿದ್ದಾರೆ ಅನ್ನೋದು ಮುಖ್ಯ ಅಲ್ಲ. ಇನ್ನೊಂದು ಎದುರಿನ ಕಾರಿಂದ, ಅದು ಇಬ್ಬರ ವೇಗ ಸೇರಿದ್ದು. ನಮ್ಮ ಗಾಡಿ 60, ಎದುರಿನ ಕಾರು 80 ಅಂದ್ರೆ ಸೇರಿ 140, ಅದರಲ್ಲಿ 60 ಕಳೆದು 80 ತೋರಿಸತ್ತೆ. ಆದ್ರೆ ನೆಲದ ಪ್ರತಿಧ್ವನಿ ಕೋನದಲ್ಲಿ ಬಂದು 55 ಅಂತ ಓದಿದ್ರೆ ಕಳೆದು ಉಳಿಯೋದು 85, ತಪ್ಪು ಹೋಗಿ ಎದುರಿನ ಕಾರಿನ ತಲೆ ಮೇಲೆ ಕೂರತ್ತೆ. ಇದನ್ನ ಹಿಡಿಯೋ ದಾರಿ ಒಂದೇ, ಗನ್ ತೋರಿಸೋ ನಮ್ಮ ವೇಗಾನ ಗಾಡಿಯ ಸ್ಪೀಡೋಮೀಟರ್ ಜೊತೆ ಅದೇ ಕ್ಷಣದಲ್ಲಿ ಹೋಲಿಸಿ ನೋಡೋದು.

ಕೊನೆಗೆ ಒಂದು ಪ್ರಯೋಗ, ತಲೇಲೇ ಮಾಡೋದು. ಅಲೆ ಬಿಡೋ ಪೆಟ್ಟಿಗೆ ರಸ್ತೆಯ ಈ ತುದೀಲಿ, ತಗೊಳ್ಳೋ ಪೆಟ್ಟಿಗೆ ಆ ತುದೀಲಿ ಇಡಿ. ಈಗ ದಾರಿ ಎರಡು ತುಂಡು, ಬಿಡೋ ಪೆಟ್ಟಿಗೆಯಿಂದ ಕಾರಿಗೆ ಒಂದು, ಕಾರಿಂದ ತಗೊಳ್ಳೋ ಪೆಟ್ಟಿಗೆಗೆ ಒಂದು. ಪ್ರತಿ ತುಂಡಿಗೂ ಅದರದ್ದೇ ಕೊಸೈನ್ ಇರತ್ತೆ, ಹಾಗಾಗಿ ಸೂತ್ರದಲ್ಲಿ 2 ಇದ್ದ ಜಾಗದಲ್ಲಿ ಎರಡು ಕೊಸೈನ್‌ಗಳ ಮೊತ್ತ ಬರತ್ತೆ. ಎರಡೂ ಪೆಟ್ಟಿಗೆ ಒಂದೇ ಕಡೆ ಇದ್ದು ಕಾರು ನೆಟ್ಟಗೆ ಬಂದ್ರೆ 1 ಮತ್ತು 1, ಅದೇ ನಮ್ಮ 2. ಈಗ ಕಾರು ಇವೆರಡರ ನಡುವಿನ ಗೆರೆ ಮೇಲೇ ಈ ತುದಿಯಿಂದ ಆ ತುದಿಗೆ ಹೋಗ್ತಿದೆ ಅನ್ನಿ, ಹಿಂದಿನ ತುಂಡು ಎಷ್ಟು ಉದ್ದ ಆಗತ್ತೋ ಮುಂದಿನದ್ದು ಅಷ್ಟೇ ಕಮ್ಮಿ ಆಗತ್ತೆ, ಒಂದು ಪ್ಲಸ್ ಒಂದು ಮೈನಸ್. ಕಾರು ಎಷ್ಟೇ ಜೋರಾಗಿ ಓಡಲಿ, ಅದರಿಂದ ಬರೋ ಶಿಫ್ಟ್ ಸೊನ್ನೆ.